ಹಿಮದ ಮೇಲೆ ಕೂಲಿಂಗ್ ಗ್ಲಾಸ್

ನನ್ನದು ಅನುಮಾನದ ಸ್ವಭಾವ. ತವರಿನಲ್ಲಿ ಅದನ್ನು ರೋಗ ಎನ್ನುತ್ತಿದ್ದರು, ನೈರೋಬಿಯಲ್ಲಿ ಅದಕ್ಕೇ ಸಂಬಳ ಕೊಡುತ್ತಿದ್ದರು. ಗುಜರಾತಿಗಳ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನಾನಿದ್ದೆ. ಬಂದ ಪುಡಿಯೆಲ್ಲ ಕಲಬೆರಕೆ, ಬರೆದ ಲೇಬಲ್ಲೆಲ್ಲ ಸುಳ್ಳು, ನಗುವ ಸಪ್ಲೈಯರ್ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡೇ ಬೆಳಿಗ್ಗೆ ಬಿಳಿ ಕೋಟು ಹಾಕಿಕೊಳ್ಳಬೇಕು. ಪರೀಕ್ಷೆಯಲ್ಲಿ ಪಾಸಾದರೆ ಹಸಿರು ಸ್ಟಿಕ್ಕರ್, ಇಲ್ಲದಿದ್ದರೆ ಕೆಂಪು. ಆ ಎರಡು ಬಣ್ಣಗಳಲ್ಲದೆ ಜಗತ್ತಿನಲ್ಲಿ ಬೇರೆ ಬಣ್ಣವಿದೆ ಎನ್ನುವುದೇ ನನಗೆ ಆ ವರ್ಷಗಳಲ್ಲಿ ಮರೆತುಹೋಗಿತ್ತು.

ಮನೆಯಲ್ಲಿ ಅನುಮಾನ ಶುರುವಾದದ್ದು ಮಾತ್ರ ಕಾರ್ಖಾನೆಗಿಂತ ಮೊದಲೇ. ಮದುವೆಯಾಗಿ ಮೂರನೇ ವಾರ, ಮೈಸೂರಿನಲ್ಲಿ, ಇವರ ಬಲಗಡೆ ಕಾಫಿ ಲೋಟ ಇಟ್ಟೆ. ಇವರು ಕೈ ಚಾಚಿ ಅದನ್ನು ಉರುಳಿಸಿದರು. ಮಾರನೇ ದಿನವೂ ಉರುಳಿಸಿದರು. ಮೂರನೇ ದಿನ ನಾನು ಬಲಗಡೆಯಿಂದ ಮೆಲ್ಲಗೆ ಹೋಗಿ ಮುಖದ ಹತ್ತಿರ ಬೆರಳಾಡಿಸಿದೆ. ರೆಪ್ಪೆ ಮಿಟುಕಲಿಲ್ಲ. ಎಂಟು ವರ್ಷದವರಿದ್ದಾಗ ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿದ್ದ ಸುಣ್ಣದ ಪೊಟ್ಟಣವನ್ನು ಹಿಂಡಿ ಆಡುತ್ತಿದ್ದರಂತೆ, ಅದು ಒಡೆದು ಸುಣ್ಣವೆಲ್ಲ ಕಣ್ಣಿಗೆ ಚಿಮ್ಮಿತ್ತಂತೆ. ಬಲಗಣ್ಣು ಅಂದೇ ಹೋಯಿತು. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಪಾಪೆಯ ಮೇಲೆ ಒಂದಿಷ್ಟು ಹಾಲು ಬಣ್ಣ ಅಷ್ಟೆ.

"ನಿಮ್ಮನೇಲಿ ಯಾರೂ ಹೇಳ್ಲಿಲ್ವಲ್ಲ" ಎಂದೆ.

"ನಿಮ್ಮಪ್ಪನಿಗೆ ಗೊತ್ತಿರತ್ತೆ ಅಂದ್ಕೊಂಡೆ" ಎಂದರು.

ಗೊತ್ತಿರಲಿಲ್ಲ. ನನಗೆ ಬಂದ ಕೋಪ ಕಣ್ಣಿನ ಮೇಲಲ್ಲ, ಮುಚ್ಚಿಟ್ಟದ್ದರ ಮೇಲೆ. ಅದು ಪೂರ್ತಿ ಆರಲೇ ಇಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಕೋಪದ ಜೊತೆಗೇ ಒಂದು ಭಯವೂ ಬಂದು ಕೂತಿತು. ಇವರಿಗೆ ಇರುವುದು ಒಂದೇ ಕಣ್ಣು, ಬದಲಿ ಇಲ್ಲ. ಒಗ್ಗರಣೆ ಸಿಡಿದರೆ, ಕಾರಿನ ಕಿಟಕಿಯಿಂದ ಧೂಳು ಬಂದರೆ, ದೀಪಾವಳಿಯಲ್ಲಿ ಪಕ್ಕದವರು ಪಟಾಕಿ ಹಚ್ಚಿದರೆ ನಾನು ಓಡಿಹೋಗಿ ಇವರ ಎಡಗಣ್ಣು ನೋಡುತ್ತಿದ್ದೆ.

ಅಂಥ ಮನುಷ್ಯ ಒಂದು ದಿನ ಆಫೀಸಿನಿಂದ ಬಂದು, ಮೌಂಟ್ ಕೆನ್ಯಾ ಹತ್ತುತ್ತೇನೆ ಎಂದರು. ಆಗ ನಮ್ಮ ಮನೆ ನೈರೋಬಿಯ ಹರ್ಲಿಂಗ್‌ಹ್ಯಾಮಿನಲ್ಲಿ. ಇವರೂ ಇವರ ಬ್ಯಾಂಕಿನ ಮೂವರು ಗೆಳೆಯರೂ ಸೇರಿ ಗೈಡ್ ಗೊತ್ತುಮಾಡಿದ್ದರು, ಒಬ್ಬೊಬ್ಬರಾಗಿ ಆ ಮೂವರೂ ಜಾರಿಕೊಂಡರು. ಇವರು ಜಾರಲಿಲ್ಲ. ಬೇಡ ಎಂದರೆ ನನಗೆ ಹೇಳದೆ ಹೋಗುವವರೇ. ಹಾಗಾಗಿ ನಾನೂ ಬರುತ್ತೇನೆ ಎಂದೆ. ಇವರಿಗೆ ಸಂತೋಷವಾಯಿತು. ಪ್ರೀತಿಯಿಂದ ಬರುತ್ತಿದ್ದಾಳೆ ಎಂದುಕೊಂಡಿರಬೇಕು. ನಾನು ಹೊರಟದ್ದು ಕಾವಲಿಗೆ.

ಹೊರಡುವ ಮೊದಲಿನ ವಾರ ಗೈಡ್ ನಮ್ಮ ಮನೆಗೇ ಬಂದ. ಐವತ್ತರ ಆಸುಪಾಸಿನ, ಬೆಟ್ಟದ ಬುಡದ ಊರಿನವನು. ಮಾತು ಕಡಿಮೆ, ನಡಿಗೆ ಅದಕ್ಕಿಂತ ನಿಧಾನ. ತೆಗೆದುಕೊಂಡು ಹೋಗುವ ಬಟ್ಟೆಯನ್ನೆಲ್ಲ ಹಾಲಿನ ನೆಲದ ಮೇಲೆ ಹರಡಿ ಎಂದ, ಹರಡಿದೆವು. ಅವನು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ಎರಡು ಗುಡ್ಡೆ ಮಾಡತೊಡಗಿದ. ಇವರ ಬನಿಯನ್ನು, ಜೀನ್ಸು, ನನ್ನ ಹತ್ತಿಯ ಕುರ್ತಾ ಎಲ್ಲ ಬೇಡದ ಗುಡ್ಡೆಗೆ ಹೋದವು.

"ಮೈಗೆ ಹತ್ತಿಯೇ ಒಳ್ಳೆಯದಲ್ಲವಾ?" ಎಂದೆ.

"ನೈರೋಬಿಯಲ್ಲಿ ಒಳ್ಳೆಯದು, ಮದಾಮ್. ಮೇಲೆ ಅದು ಬೆವರು ಕುಡಿದು ಒದ್ದೆಯಾಗೇ ಇರುತ್ತೆ. ಗಾಳಿ ಬೀಸಿದ ತಕ್ಷಣ ಮೈಯ ಕಾವೆಲ್ಲ ಹೋಗುತ್ತೆ."

ಮೈಗೆ ಅಂಟಿಕೊಂಡಂತೆ ಬೆವರು ಹಿಡಿದಿಡದ ತೆಳು ಬಟ್ಟೆ, ಅದರ ಮೇಲೆ ಉಣ್ಣೆಯಂಥದು, ಎಲ್ಲಕ್ಕೂ ಮೇಲೆ ಗಾಳಿ ನುಗ್ಗದ ಜಾಕೆಟ್. ನಡೆಯುವಾಗ ಸೆಕೆ ಅನ್ನಿಸಿದರೆ ಬೆವರುವ ಮೊದಲೇ ಒಂದು ಪದರ ತೆಗೆಯಬೇಕು, ನಿಂತ ಕೂಡಲೇ ಹಾಕಿಕೊಳ್ಳಬೇಕು. ಇಷ್ಟು ಹೇಳಿ, ಇದೆಲ್ಲ ಬಾಡಿಗೆಗೆ ಸಿಗುತ್ತದೆ, ಅಂಗಡಿ ತನ್ನ ಪರಿಚಯದವನದು ಎಂದ. ನನ್ನ ಕಿವಿ ನೆಟ್ಟಗಾಯಿತು. ಓಹೋ, ಕಮಿಷನ್ ಎಂದುಕೊಂಡೆ.

ಆಮೇಲೆ ಅವನು ಇವರ ಕೂಲಿಂಗ್ ಗ್ಲಾಸ್ ಎತ್ತಿಕೊಂಡ. ಇವರು ಅದನ್ನು ದುಬೈ ಏರ್‌ಪೋರ್ಟಿನಲ್ಲಿ ಕೊಂಡಿದ್ದರು. ಕಾಡಿಗೆ ಕಪ್ಪು, ಹಾಕಿಕೊಂಡರೆ ತೆಲುಗು ಸಿನಿಮಾದ ವಿಲನ್ನಿನ ಹಾಗೆ ಕಾಣುತ್ತಿದ್ದರು. ಗೈಡ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದ ಸಂದುಗಳಲ್ಲಿ ಬೆರಳು ತೂರಿಸಿ, ಬೇಡದ ಗುಡ್ಡೆಗೆ ಇಟ್ಟ.

"ಇದಕ್ಕಿಂತ ಕಪ್ಪು ಬೇಕಾ?" ಎಂದರು ಇವರು.

"ಕಪ್ಪು ಒಂದೇ ಸಾಲದು. ಬದಿಯಿಂದ, ಕೆಳಗಿನಿಂದ ಬೆಳಕು ಬರುತ್ತೆ. ಬೇರೆ ಮಿವಾನಿ ಕೊಡ್ತೀನಿ." ಸ್ವಾಹಿಲಿಯಲ್ಲಿ ಮಿವಾನಿ ಎಂದರೆ ಕನ್ನಡಕ.

ಚೀಲದಿಂದ ಎರಡು ಜೊತೆ ತೆಗೆದ. ದುಂಡು ಗಾಜು, ಕಂದು ಬಣ್ಣ, ಎರಡೂ ಬದಿಗೆ ಚರ್ಮದ ಪುಟ್ಟ ಗೋಡೆ. ಹಿಂದೆ ಕಟ್ಟಿಕೊಳ್ಳಲು ದಾರ. ನೋಡಿದರೆ ನಮ್ಮದಕ್ಕಿಂತ ಹಳೆಯದು, ಸ್ವಲ್ಪ ತಿಳಿಯಾಗಿಯೇ ಕಂಡಿತು. ಒಂದೇ ಕಣ್ಣಿನ ಗಂಡನಿಗೆ ಯಾರೋ ಹಾಕಿ ಬಿಟ್ಟ ಕನ್ನಡಕವನ್ನು ಇವನ ಮಾತು ನಂಬಿ ಹಾಕಿಸಬೇಕೆ? ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಮೂರೂ ಕನ್ನಡಕಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಲ್ಯಾಬಿನಲ್ಲೇ ಉಳಿದೆ.

ನಮ್ಮಲ್ಲಿ ಮಾತ್ರೆಯೊಳಗಿನ ಔಷಧ ಎಷ್ಟಿದೆ ಎಂದು ಅಳೆಯಲು ಒಂದು ಯಂತ್ರವಿತ್ತು. ಒಂದೊಂದೇ ಬಗೆಯ ಬೆಳಕನ್ನು, ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ಟನ್ನೂ ಸೇರಿಸಿ, ದ್ರಾವಣದ ಮೂಲಕ ಹಾಯಿಸಿ ಆ ಕಡೆ ಎಷ್ಟು ದಾಟಿತು ಎಂದು ಅದು ಗೆರೆ ಬರೆಯುತ್ತದೆ. ದ್ರಾವಣದ ಜಾಗದಲ್ಲಿ ಇವರ ಕಪ್ಪು ಗಾಜನ್ನು ನಿಲ್ಲಿಸಿದೆ. ಕಾಣುವ ಬೆಳಕು ಹೆಚ್ಚೇನೂ ದಾಟಲಿಲ್ಲ. ಕಾಣದ ಬೆಳಕಿನ ಕಡೆ ಹೋದಂತೆ ಗೆರೆ ಏರತೊಡಗಿತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದು ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಮನೆ. ಕತ್ತಲೆಂದು ಪಾಪೆ ಅಗಲವಾಗುತ್ತದೆ, ಅಗಲವಾದ ಪಾಪೆಯೊಳಗೆ ಬರಬಾರದ ಕಿರಣವೇ ಹೆಚ್ಚಾಗಿ ನುಗ್ಗುತ್ತದೆ. ಇಂಥ ಕನ್ನಡಕಕ್ಕಿಂತ ಬರಿಗಣ್ಣೇ ವಾಸಿ, ಬರಿಗಣ್ಣಾದರೆ ಪಾಪೆಯನ್ನು ಕಿರಿದಾದರೂ ಮಾಡಿಕೊಳ್ಳುತ್ತದೆ.

ಗೈಡ್ ಕೊಟ್ಟ ಎರಡೂ ಜೊತೆಯಲ್ಲಿ ಕಾಣದ ಬೆಳಕಿನ ಉದ್ದಕ್ಕೂ ಗೆರೆ ನೆಲ ಬಿಟ್ಟು ಏಳಲಿಲ್ಲ. ಕಾಣುವ ಬೆಳಕಿನಲ್ಲೂ ನೂರಕ್ಕೆ ಆರೇಳು ಪಾಲು ಮಾತ್ರ ದಾಟಿತು. ಹಿಮಕ್ಕೆ ಬೇಕಾದದ್ದು ಅದೇ, ಅದನ್ನು ಹಾಕಿ ಕಾರು ಓಡಿಸುವ ಹಾಗಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇನ್ನೊಂದು ಸಲ ಓಡಿಸಿದೆ. ಅದೇ ಗೆರೆ. ಎರಡರ ಚರ್ಮದ ಗೋಡೆಯ ಒಳಮೈಗೂ ಹಸಿರು ಸ್ಟಿಕ್ಕರ್ ಅಂಟಿಸಿದೆ, ಮೇಲೆ ಹೋದಾಗ ಬದಲಾಯಿಸಿ ಕೊಟ್ಟರೆ ಗೊತ್ತಾಗಲಿ ಎಂದು.

ಗೈಡಿನ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ. ಮೂಗು ಬಾಯಿ ಮುಚ್ಚಿಕೊಳ್ಳಲು ಅವನು ತೆಳುವಾದ ಬಟ್ಟೆಯ ಕೊಳವೆಯೊಂದನ್ನು ಕೊಟ್ಟಿದ್ದ, ಕುತ್ತಿಗೆಗೆ ಹಾಕಿ ಮೇಲೆಳೆದುಕೊಳ್ಳುವಂಥದ್ದು. ಅದು ಎಷ್ಟು ಜನರ ಮೂಗು ಒರೆಸಿತ್ತೋ. ಇವರು ಹೇಸದೆ ಹಾಕಿಕೊಂಡರು. ನಾನು ಅಮ್ಮ ಹೆಣೆದುಕೊಟ್ಟಿದ್ದ ಮಂಕಿ ಟೋಪಿಯೇ ಸಾಕು ಎಂದೆ. ಗೈಡ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಉಸಿರು ಎಲ್ಲಿಗೆ ಹೋಗುತ್ತೆ, ಮದಾಮ್?" ಎಂದು ಕೇಳಿದ. ಇದೆಂಥ ಪ್ರಶ್ನೆ ಎಂದುಕೊಂಡು ಟೋಪಿಯನ್ನು ಬ್ಯಾಗಿಗೆ ಹಾಕಿದೆ.

ಮೂರು ದಿನ ಹತ್ತಿದೆವು. 'ಪೋಲೆ ಪೋಲೆ' ಎನ್ನುತ್ತಿದ್ದ ಗೈಡ್, ನಿಧಾನ ನಿಧಾನ ಎಂದು. ಮೂರನೇ ದಿನದ ಹೊತ್ತಿಗೆ ಅವನು ಹೇಳದಿದ್ದರೂ ನಿಧಾನವೇ ಆಗಿತ್ತು. ಶೂ ದಾರ ಕಟ್ಟಲು ಬಗ್ಗಿದರೆ ಮೆಟ್ಟಿಲು ಹತ್ತಿ ಬಂದವರಂತೆ ಏದುಸಿರು. ಸಾಮಾನ್ಯವಾಗಿ ಕತ್ತಲಿರುವಾಗಲೇ ಹೊರಟು ಸೂರ್ಯ ಹುಟ್ಟುವಾಗ ತುದಿ ಮುಟ್ಟಿ ಬೇಗ ಇಳಿದುಬಿಡುತ್ತಾರೆ. ನಮ್ಮ ದಿನಕ್ಕೆ ಹೊಸ ಹಿಮ ಬಿದ್ದಿತ್ತು, ದಾರಿ ಮುಚ್ಚಿಹೋಗಿತ್ತು. ಬೆಳಕಾದ ಮೇಲೇ ಹೊರಡೋಣ ಎಂದ ಗೈಡ್. ಅಂದರೆ ಹಗಲಿನ ಬಹುಪಾಲು ನಾವು ಹಿಮದ ಮೇಲೇ ಇರಬೇಕಾಗಿತ್ತು.

ಹೊರಡುವ ಮೊದಲು ಅವನು ನಮ್ಮನ್ನು ಸಾಲಾಗಿ ನಿಲ್ಲಿಸಿ ಕ್ರೀಮ್ ಹಚ್ಚಿಸಿದ. ಗಲ್ಲದ ಕೆಳಗೆ, ಕಿವಿಯ ಹಿಂದೆ, ಮೂಗಿನ ಹೊಳ್ಳೆಯ ಒಳಗೂ. "ಇಲ್ಲಿ ಬಿಸಿಲು ಕೆಳಗಿನಿಂದಲೂ ಬರುತ್ತೆ" ಎಂದ. ಬಂಡೆಯ ತಿರುವು ದಾಟಿ ಹಿಮಕ್ಕೆ ಕಾಲಿಟ್ಟಾಗ ಅದು ಅರ್ಥವಾಯಿತು. ನೆಲವೇ ಉರಿಯುವ ಟ್ಯೂಬ್‌ಲೈಟಿನ ಹಾಗಿತ್ತು. ಸಮಭಾಜಕ ವೃತ್ತದ ಸೂರ್ಯ, ಅದನ್ನು ತಡೆಯಲು ಆ ಎತ್ತರದಲ್ಲಿ ಗಾಳಿಯೂ ತೆಳು, ಬಂದ ಬೆಳಕನ್ನೆಲ್ಲ ಹಿಮ ಮತ್ತೆ ಮುಖಕ್ಕೇ ಎರಚುತ್ತಿತ್ತು.

"ರೀ, ಕನ್ನಡಕ!" ಎಂದೆ.

"ಹಾಕಿದೀನಿ ಕಣೇ."

ಐದು ನಿಮಿಷಕ್ಕೆ ಮತ್ತೆ "ರೀ!" ಎಂದೆ.

"ಹಾಕಿದೀನಿ ಮಾರಾಯ್ತಿ, ಮುಂದೆ ನೋಡ್ಕೊಂಡು ನಡಿ."

ಮುಂದೆ ನೋಡುವುದೇ ಕಷ್ಟವಾಗಿತ್ತು. ಮಂಕಿ ಟೋಪಿಯ ದಪ್ಪ ಉಣ್ಣೆ ಬಾಯಿಗೆ ಅಡ್ಡವಿತ್ತು. ಬಿಟ್ಟ ಉಸಿರೆಲ್ಲ ಮೇಲಕ್ಕೇ ನುಗ್ಗಿ ಗಾಜಿನ ಒಳಮೈಗೆ ಬಡಿದು, ಗಾಜು ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಬೆವೆತಿತು. ಟೋಪಿಯ ಅಂಚು ಕನ್ನಡಕದ ಕಡ್ಡಿಯನ್ನು ಎತ್ತಿ ಬದಿಯ ಗೋಡೆಯೂ ಮುಖಕ್ಕೆ ಕೂರಲಿಲ್ಲ. ಇವರು ಕನ್ನಡಕ ಹಾಕಿದ್ದಾರೋ ತೆಗೆದಿದ್ದಾರೋ ಎಂದು ನೋಡಬೇಕಲ್ಲ? ನನ್ನ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಮೇಲಿನಿಂದ ಇಣುಕಿ ನೋಡುತ್ತಿದ್ದೆ. ಗೈಡ್ ತಿರುಗಿ "ಮಿವಾನಿ, ಮದಾಮ್" ಎಂದಾಗ ಮೇಲೇರಿಸುತ್ತಿದ್ದೆ. ಅವನು ಬೆನ್ನು ಮಾಡಿದ ಮೇಲೆ ಮತ್ತೆ ಇಳಿಸುತ್ತಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಮೋಡ ಕವಿಯಿತು. ಸೂರ್ಯ ಮಾಯವಾದ, ನೆರಳೂ ಮಾಯವಾಯಿತು. ಚಳಿಗಾಳಿ ಕೈಗವಸಿನ ಎರಡು ಪದರ ದಾಟಿ ಬೆರಳು ಕಚ್ಚುತ್ತಿತ್ತು. ನಾನು ಕನ್ನಡಕವನ್ನು ಹಣೆಗೇರಿಸಿದೆ. ಆಹಾ, ಎಲ್ಲ ಸ್ಪಷ್ಟ!

ಗೈಡ್ ನಿಂತ. "ಮದಾಮ್, ಮಿವಾನಿ."

"ಬಿಸಿಲೆಲ್ಲಿದೆ?"

"ಮೋಡ ಕಣ್ಣಿಗೆ ಕೊಡೆ ಅಲ್ಲ, ಮದಾಮ್."

ಬಾಡಿಗೆಯ ಗಾಜು ಟೋಪಿಗೆ ಉಜ್ಜಿ ಗೀರಾಗುತ್ತದೆ ಎಂದು ಅವನಿಗೆ ಸಂಕಟ ಎಂದುಕೊಂಡೆ. ಕಾಣದ ಬೆಳಕು ಮೋಡವನ್ನು ತೂರಿಕೊಂಡು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಪಾಠ ಹೇಳುವಷ್ಟು ಗೊತ್ತಿತ್ತು. ಆದರೆ ಓದಿದ್ದು ಒಂದು ಕಡೆ, ನಾಲಿಗೆಗೆ ಅಂಟಿದ್ದು ಇನ್ನೊಂದು ಕಡೆ. ಚಿಕ್ಕಂದಿನಿಂದ ನಾವು ಅದನ್ನು ಕರೆದದ್ದೇ ಕೂಲಿಂಗ್ ಗ್ಲಾಸ್ ಎಂದು. ಸೆಕೆಯಾದಾಗ ಕಣ್ಣು ತಂಪು ಮಾಡುವ ವಸ್ತು ಅದು. ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಯಾರಾದರೂ ಕಣ್ಣಿಗೆ ಕೂಲಿಂಗ್ ಮಾಡಿಕೊಳ್ಳುತ್ತಾರೆಯೇ? ಸ್ವಾಹಿಲಿಯವರೂ ಅದನ್ನು ಸೂರ್ಯನ ಕನ್ನಡಕ ಎಂದೇ ಕರೆಯುತ್ತಾರೆ. ಸೂರ್ಯನಿಲ್ಲ, ಸೆಕೆಯಿಲ್ಲ. ಲ್ಯಾಬಿನಲ್ಲಿ ಗೆರೆ ಓದಿದ ಹೆಂಗಸು ಬೆಟ್ಟದ ಮೇಲೆ ಆ ಹೆಸರನ್ನು ನಂಬಿದಳು.

ಇವರ ಕಣ್ಣಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇರಲಿಲ್ಲ. ತುದಿಯಲ್ಲಿ ಫೋಟೋಗೆಂದು ಇವರು ಕನ್ನಡಕಕ್ಕೆ ಕೈ ಹಾಕಿದಾಗ ನಾನು ಕಿರುಚಿದ ಕಿರುಚಿಗೆ ಪಕ್ಕದಲ್ಲಿದ್ದ ಜರ್ಮನ್ ದಂಪತಿಗಳು ತಮ್ಮ ಕನ್ನಡಕವನ್ನೂ ಮುಟ್ಟಿ ನೋಡಿಕೊಂಡರು. ಹಾಗೆ ಕಿರುಚುವಾಗ ನನ್ನದು ಹಣೆಯ ಮೇಲಿತ್ತು. ಗೈಡ್ ಮೂರು ಸಲ ಹೇಳಿದ, ನಾಲ್ಕನೆಯ ಸಲ ತಾನೇ ಬಂದು ನನ್ನ ಕಣ್ಣಿನ ಮೇಲೆ ಇಳಿಸಿದ. ಇಪ್ಪತ್ತು ಹೆಜ್ಜೆಗೆ ಮತ್ತೆ ಬೆವೆತಿತು, ಮತ್ತೆ ಏರಿಸಿದೆ.

ರಾತ್ರಿ ತಂಗಬೇಕಿದ್ದ ಕಣಿವೆಯ ಗುಡಿಸಲಿಗೆ ಇಳಿದು ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಸಂಜೆ ಆರರವರೆಗೆ ಏನೂ ಆಗಲಿಲ್ಲ. ಆರು ಗಂಟೆಗೆ ಸೂಪ್ ಕುಡಿಯುವಾಗ ಕಣ್ಣಲ್ಲಿ ಮರಳು ಬಿದ್ದಂತಾಯಿತು. ನಮ್ಮ ಜೊತೆ ಬಂದಿದ್ದ ಅಡುಗೆಯವನ ಸೀಮೆಎಣ್ಣೆ ಸ್ಟೌವಿನ ಹೊಗೆ ಎಂದು ಅವನ ಮೇಲೆ ರೇಗಿದೆ. ಏಳಕ್ಕೆ ಕಾರದಪುಡಿ ಹಾಕಿ ತಿಕ್ಕಿದ ಹಾಗಾಯಿತು. ರೆಪ್ಪೆ ಬಿಗಿದು, ನೀರು ಧಾರೆಯಾಗಿ, ಮೇಣದಬತ್ತಿಯ ಬೆಳಕೂ ಚುಚ್ಚತೊಡಗಿತು. ಆಗಲೂ ನನ್ನ ಬುದ್ಧಿ ಎಲ್ಲಿಗೆ ಹೋಯಿತು ಗೊತ್ತೇ? ಕನ್ನಡಕ ಬದಲಾಯಿಸಿದ್ದಾನೆ! ತಡಕಾಡಿ ಅದನ್ನು ಇವರ ಕೈಗೆ ಕೊಟ್ಟು, "ಹಸಿರು ಸ್ಟಿಕ್ಕರ್ ಇದೆಯಾ ನೋಡಿ" ಎಂದೆ.

"ಇದೆ" ಎಂದರು ಇವರು.

ನಾಚಿಕೆ ಎನ್ನುವುದು ನನಗೆ ಅಷ್ಟು ತಡವಾಗಿ ಬಂತು. ಗೈಡ್ "ಪೋಲೆ, ಮದಾಮ್" ಎಂದ. ಒಂದೇ ಸಲ ಹೇಳಿದರೆ ಅದು ನಿಧಾನವಲ್ಲ, ಅಯ್ಯೋ ಪಾಪ ಎಂದು. ಹೇಳಿದೆನಲ್ಲ ಎಂಬ ಒಂದು ಮಾತನ್ನೂ ಆಡಲಿಲ್ಲ. ಉಜ್ಜಬೇಡಿ ಎಂದ, ತಣ್ಣೀರಿನ ಬಟ್ಟೆ ಕಟ್ಟಿದ, ಒಂದೆರಡು ದಿನಕ್ಕೆ ಸರಿಹೋಗುತ್ತದೆ, ಕಣ್ಣಿನ ಮೇಲ್ಪದರ ಸುಟ್ಟಿದೆ ಅಷ್ಟೆ ಎಂದ.

ನನಗಾಗಿ ನಾನು ಹೆದರಲಿಲ್ಲ. ಆದರೆ ಆ ಉರಿ ತಕ್ಷಣ ಬರುವುದಲ್ಲ, ಆರರಿಂದ ಹನ್ನೆರಡು ಗಂಟೆ ಕಾದು ಬರುತ್ತದೆ. ಇವರೂ ಅದೇ ಹಿಮದ ಮೇಲಿದ್ದವರು. ಇವರ ಒಂದೇ ಕಣ್ಣು ಉರಿಯುತ್ತಿದ್ದರೂ ಇವರು ಹೇಳುವವರಲ್ಲ. ನೋಡಿ ತಿಳಿಯೋಣವೆಂದರೆ ನನಗೆ ಕಾಣುವುದಿಲ್ಲ. ಬೆಳಿಗ್ಗೆ ಎದ್ದವಳೇ ಕೇಳಿದೆ:

"ನಿಮ್ಮ ಕಣ್ಣು?"

"ಏನಾಗಿಲ್ಲ ಕಣೇ, ಚೆನ್ನಾಗಿದೆ."

ಧ್ವನಿ ನಂಬುವಂತಿತ್ತು. ಮದುವೆಯ ಮುಂಚೆಯೂ ನಂಬುವಂತೆಯೇ ಇತ್ತು. ನನ್ನ ಬ್ಯಾಗಿನಿಂದ ನೋವಿನ ಮಾತ್ರೆಯ ಪಟ್ಟಿ ತೆಗೆಸಿದೆ. ನಮ್ಮ ಕಾರ್ಖಾನೆಯದೇ ಮಾಲು, ನಾನೇ ಪಾಸು ಮಾಡಿದ್ದ ಬ್ಯಾಚು. ಅದರ ನಂಬರು ನನಗೆ ಬಾಯಿಪಾಠ.

"ಬ್ಯಾಚ್ ನಂಬರ್ ಓದಿ."

ಅದು ಪಟ್ಟಿಯ ಅಂಚಿನಲ್ಲಿ ಬಣ್ಣವಿಲ್ಲದೆ ಒತ್ತಿದ ಸಾಸಿವೆ ಕಾಳಿನಂಥ ಅಂಕಿ. ಬೆಳಕಿಗೆ ಓರೆಯಾಗಿ ಹಿಡಿಯದೆ ಒಳ್ಳೆಯ ಕಣ್ಣಿನವರಿಗೂ ಕಾಣದು. ಇವರು ಎದ್ದು ಬಾಗಿಲ ಹತ್ತಿರ ಹೋದದ್ದು ಕೇಳಿಸಿತು. ಎರಡು ಅಕ್ಷರ, ಏಳು ಅಂಕಿ, ಒಂದೂ ತಪ್ಪಲಿಲ್ಲ. ಕೇಳದಿದ್ದರೂ ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಎರಡನ್ನೂ ಓದಿದರು. ನಾನು ಬಟ್ಟೆಯ ಕೆಳಗೇ ಅತ್ತೆ. ಉಪ್ಪುನೀರಿಗೆ ಕಣ್ಣು ಇನ್ನೂ ಉರಿಯಿತು, ಉರಿದರೆ ಉರಿಯಲಿ ಎನ್ನಿಸಿತು. ಇವರ ಕಣ್ಣು ಉಳಿದಿತ್ತು.

ಗುಡಿಸಲಿನ ಥಂಡಿಯಲ್ಲಿ ಇನ್ನೊಂದು ದಿನ ಇರುವುದಕ್ಕಿಂತ ಇಳಿಯುವುದೇ ವಾಸಿ ಎಂದ ಗೈಡ್. ಕಣಿವೆಯಲ್ಲೂ ಹಿಮದ ತೇಪೆಗಳಿದ್ದವು. ಹಾಗಾಗಿ ಕಣ್ಣಿಗೆ ಬಟ್ಟೆ ಕಟ್ಟಿಯೇ ನಡೆಯಬೇಕು. ಕೈ ಹಿಡಿಯಲು ಗೈಡ್ ಮುಂದೆ ಬಂದ. "ನಾನು ಕರ್ಕೊಂಡು ಬರ್ತೀನಿ" ಎಂದರು ಇವರು. ನನಗೆ ದಿಗಿಲಾಯಿತು. ಒಂದೇ ಕಣ್ಣಿನವರಿಗೆ ಆಳ, ದೂರ ಸರಿಯಾಗಿ ಅಂದಾಜಾಗುವುದಿಲ್ಲ. ಮನೆಯ ಮೆಟ್ಟಿಲಿಳಿಯುವಾಗಲೂ 'ನಿಧಾನ ರೀ' ಎನ್ನುತ್ತಿದ್ದವಳು ನಾನೇ. ಆದರೂ ಇವರ ಕೈಯೇ ಹಿಡಿದೆ. ಗೈಡ್ ಎರಡು ಹೆಜ್ಜೆ ಹಿಂದೆ ಬಂದ.

"ಕಲ್ಲು. ಎಡಗಾಲು ಎತ್ತು. ಈಗ ಹುಲ್ಲು, ಜಾರತ್ತೆ. ಇಲ್ಲಿ ಇಳಿಜಾರು." ವರ್ಷಗಳಲ್ಲಿ ಇವರು ನನ್ನೊಂದಿಗೆ ಆಡದಷ್ಟು ಮಾತು ಆ ಒಂದು ಬೆಳಿಗ್ಗೆ ಆಡಿದರು. ಕಂಡದ್ದನ್ನೆಲ್ಲ ಹೇಳಿದರು, ಒಂದನ್ನೂ ಬಿಡಲಿಲ್ಲ. ಕಾಣದ್ದನ್ನೂ ಹೇಳಿದರು. "ಇಲ್ಲಿ ನಂಗೆ ಗೊತ್ತಾಗ್ತಿಲ್ಲ, ತಡಿ" ಎಂದು ನಿಂತು, ಕೋಲಿನಿಂದ ಮುಟ್ಟಿ ನೋಡಿ, ಆಮೇಲೆ "ಬಾ" ಎನ್ನುತ್ತಿದ್ದರು.

ಒಂದು ಹೊಳೆ ಬಂತು. ಹಿಮ ಕರಗಿ ನೀರು ಏರಿದೆ, ಕಾಲಿಡುವ ಕಲ್ಲುಗಳು ಮುಳುಗಿವೆ ಎಂದರು ಇವರು. ಹೊತ್ತು ದಾಟಿಸುತ್ತೇನೆ ಎಂದ ಗೈಡ್. ಇವರೇ ನೀರಿಗಿಳಿದರು. ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು.

"ಪಾದ ಮುಳುಗೋವಷ್ಟೇ ಇದೆ" ಎಂದರು. "ಕೆಳಗೆ ಮರಳು, ಗಟ್ಟಿಯಾಗಿದೆ. ಕಾಲಿಡು."

ಬಟ್ಟೆಯನ್ನು ಒಂದೆಳೆ ಮೇಲಕ್ಕೆ ಸರಿಸಿ ನೋಡಿಬಿಡೋಣ ಎನ್ನಿಸಿತು. ಒಂದೇ ಒಂದು ಕ್ಷಣ ಸಾಕಿತ್ತು. ಕೈ ಹಣೆಯವರೆಗೆ ಹೋಯಿತು. ಸರಿಸಲಿಲ್ಲ. ಆ ಕೈಯನ್ನೂ ಇವರಿಗೇ ಕೊಟ್ಟು ಕಾಲಿಟ್ಟೆ.

ನಾಲ್ಕು ಹೆಜ್ಜೆಗೆ ನೀರು ಮೊಣಕಾಲಿನವರೆಗೆ ಬಂತು. ಇವರು ಅಂಚಿನಲ್ಲಿ ನಿಂತು ಹೇಳಿದ್ದರು, ನಡುವಿನ ಆಳ ಇವರಿಗೆ ಅಂದಾಜಾಗಿರಲಿಲ್ಲ. ಮರಳು ಗಟ್ಟಿಯಾಗಿತ್ತು, ನಾನು ಕೈ ಬಿಡಲಿಲ್ಲ.